ಬಿಳಿ ಗೋಡೆಯ ಮುಂದೆ ಬಿಳಿ ಶರ್ಟ್: ನೀಲಿಯಿಂದ ಕೆಂಪನ್ನು ಕಳೆದು ನೋಡಿ

ನಿವೃತ್ತರಾಗುತ್ತಿರುವ ಮೇಷ್ಟ್ರೊಬ್ಬರ ಬೀಳ್ಕೊಡುಗೆಗೆ ಆಮಂತ್ರಣ ಪತ್ರಿಕೆ ಮಾಡಬೇಕಿದೆ ಅಂದುಕೊಳ್ಳಿ. ಸಿಕ್ಕಿರುವುದು ಒಂದೇ ಫೋಟೊ. ಮೇಷ್ಟ್ರು ಶಾಲೆಯ ವರಾಂಡದಲ್ಲಿ, ಬಿಳಿ ಗೋಡೆಗೆ ಬೆನ್ನು ಮಾಡಿ ನಿಂತಿದ್ದಾರೆ. ಹಾಕಿರುವುದು ಇಸ್ತ್ರಿ ಮಾಡಿದ ಬಿಳಿ ಶರ್ಟ್. ಪತ್ರಿಕೆಯ ಹಿನ್ನೆಲೆ ಕಡು ಮರೂನ್. ಅವರನ್ನು ಗೋಡೆಯಿಂದ ಬಿಡಿಸಿ ಅಲ್ಲಿ ಕೂರಿಸಬೇಕು.

ಫೋಟೊಶಾಪ್‌ನಲ್ಲಿ Quick Selection ಹಿಡಿದು ಎಳೆದರೆ ತಲೆ, ಮುಖ, ಕೈ ಸಲೀಸಾಗಿ ಬರುತ್ತವೆ. ಭುಜದ ಹತ್ತಿರ ಬಂದ ಕೂಡಲೇ ಆಯ್ಕೆ ಗೋಡೆಯೊಳಗೆ ನುಗ್ಗುತ್ತದೆ. ಹಿಂದಕ್ಕೆ ತಳ್ಳಿದರೆ ತೋಳಿನ ಅರ್ಧ ತಿಂದುಹಾಕುತ್ತದೆ. Magic Wand ಆದರೂ ಅಷ್ಟೇ. ಟಾಲರೆನ್ಸ್ ಕಡಿಮೆ ಮಾಡಿದರೆ ಶರ್ಟ್ ಚೂರುಚೂರಾಗುತ್ತದೆ, ಜಾಸ್ತಿ ಮಾಡಿದರೆ ಗೋಡೆಯೂ ಸೇರಿಕೊಳ್ಳುತ್ತದೆ. ಕೊನೆಗೆ ಪೆನ್ ಟೂಲ್ ಹಿಡಿದು ಅಂದಾಜಿನಲ್ಲಿ ಗೆರೆ ಎಳೆಯುವವರೇ ಜಾಸ್ತಿ. ಆದರೆ ಅಂಚು ಎಲ್ಲಿದೆ ಅಂತ ಕಣ್ಣಿಗೇ ಕಾಣದಿದ್ದರೆ ಪೆನ್ ಟೂಲ್ ಏನು ಮಾಡೀತು?

ಅಂಚು ಫೋಟೊದಲ್ಲಿ ಇದ್ದೇ ಇರುತ್ತದೆ. ನಮಗೆ ಕಾಣುವುದಿಲ್ಲ, ಅಷ್ಟೇ. ಬೆಳಕಿನ ಬಣ್ಣ ಸ್ವಲ್ಪ ಆಚೀಚೆ ಆದರೂ ಬಿಳಿಯನ್ನು ಬಿಳಿ ಅಂತಲೇ ನೋಡುವುದು ನಮ್ಮ ಕಣ್ಣು, ಮಿದುಳಿನ ಅಭ್ಯಾಸ. ಫೈಲಿನೊಳಗಿನ ಸಂಖ್ಯೆಗಳಿಗೆ ಆ ಅಭ್ಯಾಸ ಇಲ್ಲ. ಅಲ್ಲಿ ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ, 0ಯಿಂದ 255ರವರೆಗೆ. ಒಂದೊಂದು ಬಣ್ಣದ ಅಂಕಿಗಳನ್ನು ಮಾತ್ರ ತೆಗೆದು ಕಪ್ಪುಬಿಳುಪು ಚಿತ್ರವಾಗಿ ತೋರಿಸಿದರೆ ಅದೇ ಚಾನೆಲ್.

ಮೊದಲು ಅಳೆಯಿರಿ. ಐಡ್ರಾಪರ್ ತೆಗೆದುಕೊಂಡು Sample Size ಅನ್ನು 5 by 5 Average ಮಾಡಿ. ಒಂದೇ ಪಿಕ್ಸೆಲ್ ಓದಿದರೆ ಅದರ ನಾಯ್ಸ್ ನಿಮ್ಮನ್ನು ದಾರಿ ತಪ್ಪಿಸುತ್ತದೆ. Info ಪ್ಯಾನೆಲ್ ತೆರೆದು, Shift ಒತ್ತಿ ನಾಲ್ಕು ಕಡೆ ಕ್ಲಿಕ್ ಮಾಡಿ: ಗೋಡೆಯ ಬೆಳಕಿರುವ ಭಾಗ, ಗೋಡೆಯ ಮಬ್ಬು ಮೂಲೆ, ಶರ್ಟ್‌ನ ಬೆಳಕಿರುವ ಭುಜ, ತೋಳಿನ ಮಡಿಕೆಯ ನೆರಳು. ನಾಲ್ಕರ ಅಂಕಿಗಳೂ ಪ್ಯಾನೆಲ್‌ನಲ್ಲಿ ನಿಲ್ಲುತ್ತವೆ. ಇಂಥ ಫೋಟೊದಲ್ಲಿ ಸಾಮಾನ್ಯವಾಗಿ ಸಿಗುವ ಅಂಕಿಗಳು ಹೀಗಿರುತ್ತವೆ, ಅನುಕ್ರಮವಾಗಿ ಕೆಂಪು, ಹಸಿರು, ನೀಲಿ:

```
ಗೋಡೆ, ಬೆಳಕು     232  226  212
ಗೋಡೆ, ಮಬ್ಬು     150  146  137
ಶರ್ಟ್, ಬೆಳಕು     228  230  236
ಶರ್ಟ್, ಮಡಿಕೆ     150  151  155
```

ಬೆಳಕಿರುವ ಗೋಡೆಯನ್ನೂ ಬೆಳಕಿರುವ ಶರ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೆಂಪಿನಲ್ಲಿ ವ್ಯತ್ಯಾಸ 4, ಹಸಿರಿನಲ್ಲೂ 4. ನೀಲಿಯಲ್ಲಿ ಮಾತ್ರ 24. ಅಂದರೆ ಗೋಡೆ ಹಳದಿ ಕಡೆಗೆ ವಾಲಿದೆ, ಶರ್ಟ್ ನೀಲಿ ಕಡೆಗೆ.

ಇದು ಆಕಸ್ಮಿಕ ಅಲ್ಲ. ಬಿಳಿ ಬಟ್ಟೆಗೆ ನೀಲಿ ಹಾಕುವುದು ನಮ್ಮ ಮನೆಗಳಲ್ಲಿ ಹಳೆಯ ರೂಢಿ. ಆ ನೀಲಿಯು ಬಟ್ಟೆಯ ಹಳದಿ ಛಾಯೆಯನ್ನು ಹೀರಿಕೊಳ್ಳುತ್ತದೆ. ಇದರ ಜೊತೆಗೆ ಈಗಿನ ಬಹಳಷ್ಟು ಬಟ್ಟೆ ಸೋಪಿನ ಪುಡಿಗಳಲ್ಲಿ ಹೊಳಪುಕಾರಕಗಳೂ ಇರುತ್ತವೆ. ಅವು ಕಣ್ಣಿಗೆ ಕಾಣದ ಅಲ್ಟ್ರಾವೈಲೆಟ್ ಬೆಳಕನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತವೆ. ಅದಕ್ಕೇ ಒಗೆದ ಬಿಳಿ ಶರ್ಟ್ ಬಿಸಿಲಿನಲ್ಲಿ ಅಷ್ಟು ಹೊಳೆಯುವುದು. ಗೋಡೆಯ ಬಣ್ಣ ಹಾಗಲ್ಲ. ನಾವು ಬಿಳಿ ಅನ್ನುವ ಬಹಳಷ್ಟು ಪೇಂಟುಗಳಲ್ಲಿ ಸ್ವಲ್ಪ ಕೆನೆ ಬಣ್ಣ ಇರುತ್ತದೆ. ವರ್ಷ ಕಳೆದಂತೆ ಧೂಳು, ಹೊಗೆ ಕೂತು ಇನ್ನಷ್ಟು ಹಳದಿಯಾಗುತ್ತದೆ.

ಬೆಳಕು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಸಾಮಾನ್ಯ ಎಲ್‌ಇಡಿ ಬಲ್ಬಿನ ಬೆಳಕಿನಲ್ಲಿ ಅಲ್ಟ್ರಾವೈಲೆಟ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಅಲ್ಲಿ ಹೊಳಪುಕಾರಕಕ್ಕೆ ಕೆಲಸವಿಲ್ಲ, ಶರ್ಟ್‌ನ ನೀಲಿ ಕಡಿಮೆ ಕಾಣುತ್ತದೆ. ಸುಣ್ಣಕ್ಕೆ ನೀಲಿ ಬೆರೆಸಿ ಬಳಿದ ಗೋಡೆಯ ಮುಂದೆ ಹೊಸ ಖಾದಿ ಶರ್ಟ್ ಇದ್ದರೆ ಇಡೀ ಲೆಕ್ಕ ತಲೆಕೆಳಗು: ಗೋಡೆಯೇ ನೀಲಿ, ಶರ್ಟೇ ಹಳದಿ. ಅದಕ್ಕೇ ಊಹೆ ಬೇಡ, ಅಳೆಯಿರಿ ಅನ್ನುವುದು.

ಈಗ ಸಾಮಾನ್ಯವಾಗಿ ಹೇಳಿಕೊಡುವ ವಿಧಾನಕ್ಕೆ ಬರೋಣ. ಮೂರೂ ಚಾನೆಲ್ ನೋಡಿ, ವ್ಯತ್ಯಾಸ ಜಾಸ್ತಿ ಇರುವುದನ್ನು ಆರಿಸಿ, ಅದರ ನಕಲು ಮಾಡಿ, Levels ಹಾಕಿ ಕಪ್ಪುಬಿಳುಪು ಮಾಡಿ. ಆಕಾಶದ ಮುಂದಿನ ಕಪ್ಪು ಕೂದಲಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಇಲ್ಲಿ ಕೈಕೊಡುತ್ತದೆ. ಯಾಕೆ ಅಂತ ಮೇಲಿನ ಅಂಕಿಗಳೇ ಹೇಳುತ್ತವೆ. ನೀಲಿ ಚಾನೆಲ್‌ನಲ್ಲಿ ಶರ್ಟ್‌ನ ಬೆಳಕಿನ ಭಾಗ 236, ಮಡಿಕೆ 155. ಗೋಡೆ 212. ಅಂದರೆ ಗೋಡೆಯ ಅಂಕಿ ಶರ್ಟ್‌ನ ಎರಡು ಅಂಕಿಗಳ ನಡುವೆ ಕೂತಿದೆ! 220ರ ಮೇಲಿನದೆಲ್ಲ ಬಿಳಿ, ಕೆಳಗಿನದೆಲ್ಲ ಕಪ್ಪು ಅಂತ ಕತ್ತರಿಸಿದರೆ ಭುಜ ಉಳಿಯುತ್ತದೆ, ಮಡಿಕೆಗಳೆಲ್ಲ ಗೋಡೆಯ ಪಾಲಾಗುತ್ತವೆ. ಎಲ್ಲಿ ಕತ್ತರಿಸಿದರೂ ಇದೇ ಕಥೆ. ಒಂದು ಚಾನೆಲ್‌ನಲ್ಲಿ ಬಣ್ಣದ ವ್ಯತ್ಯಾಸ 24, ನೆರಳು ಬೆಳಕಿನ ವ್ಯತ್ಯಾಸ 80. ದೊಡ್ಡದು ಚಿಕ್ಕದನ್ನು ನುಂಗಿಹಾಕುತ್ತದೆ.

ಹಾಗಾದರೆ ನೆರಳು ಬೆಳಕನ್ನು ಲೆಕ್ಕದಿಂದಲೇ ತೆಗೆದುಬಿಡಬೇಕು, ಅಲ್ವಾ? ಅದಕ್ಕೆ ಒಂದು ಚಾನೆಲ್ ಸಾಲದು, ಎರಡು ಬೇಕು. ನೆರಳು ಬಿದ್ದಾಗ ಕೆಂಪು, ನೀಲಿ ಎರಡೂ ಒಟ್ಟಿಗೆ ಇಳಿಯುತ್ತವೆ. ಆದರೆ ಅವುಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದು ಸಾಮಾನ್ಯವಾಗಿ ಬದಲಾಗುವುದಿಲ್ಲ. ನೀಲಿಯಿಂದ ಕೆಂಪನ್ನು ಕಳೆಯಿರಿ. ಗೋಡೆ ಬೆಳಕಿನಲ್ಲಿ -20, ಮಬ್ಬಿನಲ್ಲಿ -13. ಶರ್ಟ್ ಬೆಳಕಿನಲ್ಲಿ +8, ಮಡಿಕೆಯಲ್ಲಿ +5. ಗೋಡೆ ಎಲ್ಲೇ ಇದ್ದರೂ ಸೊನ್ನೆಗಿಂತ ಕೆಳಗೆ, ಶರ್ಟ್ ಎಲ್ಲೇ ಇದ್ದರೂ ಸೊನ್ನೆಗಿಂತ ಮೇಲೆ. ಒಂದೊಂದೇ ಚಾನೆಲ್‌ನಲ್ಲಿ ಕಲಸಿಹೋಗಿದ್ದ ಎರಡು ಬಿಳಿಗಳು ಈಗ ಬೇರೆ ಬೇರೆ ಕಡೆ ನಿಂತಿವೆ.

ಪರದೆಯ ಮೇಲೆ ಸೊನ್ನೆಗಿಂತ ಕಡಿಮೆ ಅಂಕಿಯನ್ನು ತೋರಿಸಲಾಗದು. ಅದಕ್ಕೆ ನಡುವಿನ ಬೂದು ಬಣ್ಣ 128ನ್ನು ಕೂಡಿಸುತ್ತೇವೆ. ವ್ಯತ್ಯಾಸ ಚಿಕ್ಕದಾಗಿರುವುದರಿಂದ ಎರಡರಿಂದ ಗುಣಿಸುತ್ತೇವೆ:

```
2 × (B − R) + 128
```

ಇದನ್ನು ಫೋಟೊಶಾಪ್‌ನಲ್ಲಿ ಮಾಡಲು ನನಗೆ ಇಷ್ಟವಾದ ದಾರಿ Channel Mixer ಅಡ್ಜಸ್ಟ್‌ಮೆಂಟ್ ಲೇಯರ್. Image > Calculations ಕೂಡ ಇದೇ ಕೆಲಸ ಮಾಡುತ್ತದೆ. ಆದರೆ ಮಿಕ್ಸರ್‌ನಲ್ಲಿ ಕಣ್ಣೆದುರೇ ಹೆಚ್ಚುಕಡಿಮೆ ಮಾಡಿ ನೋಡಬಹುದು, ಮೂಲ ಫೋಟೊಗೆ ಏನೂ ಆಗುವುದಿಲ್ಲ. ಮೊದಲು ಫೋಟೊ ಲೇಯರ್‌ನ ಒಂದು ನಕಲು ಮಾಡಿ, ಅದಕ್ಕೆ Filter > Blur > Surface Blur ಅನ್ನು ಸಣ್ಣ ಪ್ರಮಾಣದಲ್ಲಿ, ರೇಡಿಯಸ್ 2ರ ಆಸುಪಾಸಿನಲ್ಲಿ ಹಾಕಿ. ಈ ನಕಲು ಮಾಸ್ಕ್, ಅಂದರೆ ಬಿಳಿ ಇದ್ದಲ್ಲಿ ಉಳಿಸಿ ಕಪ್ಪು ಇದ್ದಲ್ಲಿ ಮರೆಮಾಡುವ ಚಿತ್ರ, ಮಾಡುವುದಕ್ಕೆ ಮಾತ್ರ, ಆಮೇಲೆ ಬೇಡ. ಅದರ ಮೇಲೆ Channel Mixer ಸೇರಿಸಿ, Monochrome ಟಿಕ್ ಮಾಡಿ. Red -200, Green 0, Blue +200, Constant +50 ಕೊಡಿ. Constant ಶೇಕಡಾ ಲೆಕ್ಕದಲ್ಲಿದೆ, 50 ಅಂದರೆ ನಮ್ಮ 128.

ಕೂಡಲೇ ಫೋಟೊ ವಿಚಿತ್ರವಾದ ಬೂದು ಚಿತ್ರವಾಗುತ್ತದೆ. ಮಡಿಕೆಗಳು ಹೆಚ್ಚುಕಡಿಮೆ ಮಾಯ. ಶರ್ಟ್ ಒಂದೇ ಹದದ ತಿಳಿ ಬೂದು, 138ರಿಂದ 144. ಗೋಡೆ ಅದಕ್ಕಿಂತ ಗಾಢ, 88ರಿಂದ 102. ಅಷ್ಟು ಹೊತ್ತು ಕಾಣದಿದ್ದ ಭುಜದ ಗೆರೆ ಎದ್ದು ನಿಲ್ಲುತ್ತದೆ. ಖಾದಿಯಂಥ ತಲೆಕೆಳಗಿನ ಫೋಟೊ ಆದರೆ Red +200, Blue -200 ಮಾಡಿ, ಶರ್ಟ್ ಮತ್ತೆ ತಿಳಿಯಾಗುತ್ತದೆ.

ಇದರ ಮೇಲೆ ಒಂದು Levels ಲೇಯರ್. ಕಪ್ಪು ತುದಿ 106, ಬಿಳಿ ತುದಿ 134. ಗೋಡೆಯ ಅತಿ ತಿಳಿ ಭಾಗ 102, ಶರ್ಟ್‌ನ ಅತಿ ಗಾಢ ಭಾಗ 138. ತುದಿಗಳನ್ನು ಈ ಎರಡರ ಮಧ್ಯೆ ಇಟ್ಟಿದ್ದೇವೆ, ಅಷ್ಟೇ. ನಿಮ್ಮ ಫೋಟೊದಲ್ಲಿ ಅಂಕಿಗಳು ಬೇರೆ ಇರುತ್ತವೆ, ತತ್ವ ಇದೇ. ಎರಡು ತುದಿಗಳನ್ನು ಒಂದಕ್ಕೊಂದು ಅಂಟಿಸುವಷ್ಟು ಹತ್ತಿರ ತರಬೇಡಿ. ಅಂಚಿನಲ್ಲಿ ಒಂದೆರಡು ಪಿಕ್ಸೆಲ್ ಬೂದು ಉಳಿಯಲೇಬೇಕು. ಇಲ್ಲದಿದ್ದರೆ ಶರ್ಟ್ ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ.

ಗಿಂಪ್ ಬಳಸುವವರು Colors > Components > Decompose ನಿಂದ RGB ಲೇಯರ್‌ಗಳನ್ನು ಬೇರೆ ಮಾಡಿ, ನೀಲಿ ಲೇಯರ್‌ನ ಮೇಲೆ ಕೆಂಪು ಲೇಯರ್ ಇಟ್ಟು, ಅದರ ಮೋಡ್ ಅನ್ನು Grain extract ಮಾಡಿದರೆ ಸಾಕು. ಅದು ಕೆಳಗಿನದರಿಂದ ಮೇಲಿನದನ್ನು ಕಳೆದು 128 ಕೂಡಿಸುತ್ತದೆ. ಎರಡರಿಂದ ಗುಣಿಸುವುದಿಲ್ಲ, ಹಾಗಾಗಿ ಅಲ್ಲಿ Levels ತುದಿಗಳನ್ನು ಇನ್ನೂ ಹತ್ತಿರ ಇಡಬೇಕು. ಹಸಿರು ಲೇಯರ್ ಮುಚ್ಚಿಡಿ.

ಫೋಟೊಶಾಪ್‌ನಲ್ಲಾದರೆ ಮುಂದೆ Ctrl+A, ಆಮೇಲೆ Edit > Copy Merged. Channels ಪ್ಯಾನೆಲ್‌ನಲ್ಲಿ ಹೊಸ ಚಾನೆಲ್ ಮಾಡಿ ಅಲ್ಲಿ ಪೇಸ್ಟ್ ಮಾಡಿ. ಇದೇ ನಮ್ಮ ಕಚ್ಚಾ ಮಾಸ್ಕ್.

ಕಚ್ಚಾ ಅಂದಿದ್ದಕ್ಕೆ ಕಾರಣವಿದೆ. ಶರ್ಟ್‌ನ ನಡುವೆ ಜೇಬಿನ ಪೆನ್ನು, ಗುಂಡಿಗಳು ಕಪ್ಪು ತೂತುಗಳಾಗಿರುತ್ತವೆ. ಗೋಡೆಯ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆ ಇರುತ್ತದೆ. ಇವಕ್ಕೆ ತಲೆಕೆಡಿಸಿಕೊಳ್ಳಬೇಡಿ. ಅಂಚಿನಿಂದ ಸ್ವಲ್ಪ ಒಳಗೆ ಲ್ಯಾಸೋದಿಂದ ಸುತ್ತಿ ಬಿಳಿ ತುಂಬಿ, ಸ್ವಲ್ಪ ಹೊರಗೆ ಸುತ್ತಿ, ಆಯ್ಕೆಯನ್ನು ತಿರುಗಿಸಿ ಕಪ್ಪು ತುಂಬಿ. ಲೆಕ್ಕಕ್ಕೆ ಬರುವುದು ಅಂಚಿನ ತೆಳು ಪಟ್ಟಿ ಮಾತ್ರ. ಆ ಪಟ್ಟಿಯ ಮೇಲೆ ಮಾಮೂಲಿ ಬ್ರಷ್ ಆಡಿಸಬೇಡಿ. ಬ್ರಷ್‌ನ ಮೋಡ್ ಅನ್ನು Overlay ಮಾಡಿ. ಆಗ ಬಿಳಿ ಬ್ರಷ್ ತಿಳಿ ಬೂದನ್ನು ಬಿಳಿಯತ್ತ ತಳ್ಳುತ್ತದೆ, ಪೂರ್ತಿ ಕಪ್ಪಿಗೆ ಏನೂ ಮಾಡುವುದಿಲ್ಲ. ಕಪ್ಪು ಬ್ರಷ್ ಗಾಢ ಬೂದನ್ನು ಕಪ್ಪಿನತ್ತ ತಳ್ಳುತ್ತದೆ, ಪೂರ್ತಿ ಬಿಳಿಯನ್ನು ಮುಟ್ಟುವುದಿಲ್ಲ. ಚಾನೆಲ್ ತಾನೇ ಹುಡುಕಿಕೊಟ್ಟ ಅಂಚು ಹಾಗೇ ಉಳಿಯುತ್ತದೆ.

ಇನ್ನು ಮುಖ. ಕೆಂಪನ್ನು ಕಳೆದ ಚಿತ್ರದಲ್ಲಿ ಮೇಷ್ಟ್ರ ಮುಖ, ಕೈ ಕಡು ಕಪ್ಪಾಗಿರುತ್ತವೆ, ಗೋಡೆಗಿಂತಲೂ ಗಾಢ. ಚರ್ಮದಲ್ಲಿ ಕೆಂಪು ಜಾಸ್ತಿ, ನೀಲಿ ಕಡಿಮೆ. ಕಳೆದರೆ ಸೊನ್ನೆಗಿಂತ ಬಹಳ ಕೆಳಗೆ ಹೋಗುತ್ತದೆ. ಕೂದಲು ಇನ್ನೂ ಗೊಂದಲ. ಕಪ್ಪು ಕೂದಲಿನಲ್ಲಿ ಮೂರೂ ಅಂಕಿ ಚಿಕ್ಕವು, ಕಳೆದರೆ ಸೊನ್ನೆಯ ಹತ್ತಿರ, ಅಂದರೆ ಗೋಡೆಗೂ ಶರ್ಟ್‌ಗೂ ನಡುವೆ ಬಂದು ನಿಲ್ಲುತ್ತದೆ. ಹಾಗಾಗಿ ಕಾಲರ್‌ನಿಂದ ಮೇಲಕ್ಕೆ ಈ ಮಾಸ್ಕ್ ಬೇಡ. ಅಲ್ಲಿ ಹಳೆಯ ವಿಧಾನವೇ ಸರಿ: ಮಿಕ್ಸರ್, Levels, ಬ್ಲರ್ ಮಾಡಿದ ನಕಲು ಮುಚ್ಚಿ, ನೀಲಿ ಚಾನೆಲ್‌ನ ನಕಲು ಮಾಡಿ. ಅದರಲ್ಲಿ ಗೋಡೆ 212, ಚರ್ಮ 115ರ ಸುತ್ತಮುತ್ತ, ಕೂದಲು 40ಕ್ಕಿಂತ ಕಡಿಮೆ ಇರುತ್ತದೆ. Levels ಹಾಕಿ, Ctrl+I ಒತ್ತಿ ತಿರುಗಿಸಿ. ತಲೆ, ಕೈಗಳನ್ನು ಇದರಿಂದ ಲ್ಯಾಸೋ ಮಾಡಿ ಕಾಪಿ ಮಾಡಿ, ಮೊದಲಿನ ಚಾನೆಲ್‌ನಲ್ಲಿ ಅದೇ ಜಾಗದಲ್ಲಿ ಪೇಸ್ಟ್ ಮಾಡಿ. ಒಂದೇ ಚಾನೆಲ್‌ನಿಂದ ಇಡೀ ಮನುಷ್ಯ ಬರಬೇಕು ಅಂತ ಹಠ ಹಿಡಿಯುವುದರಿಂದಲೇ ಬಹಳ ಜನರಿಗೆ ಈ ಕೆಲಸ ಕಷ್ಟವಾಗುವುದು ಅನ್ನುವುದು ನನ್ನ ಅಭಿಪ್ರಾಯ.

ಇಷ್ಟು ಮಾಡಿಯೂ ಕೆಲವು ಕಡೆ ಅಂಚು ಸಿಗುವುದಿಲ್ಲ. ಯಾಕೆ ಸಿಕ್ಕಿಲ್ಲ ಅಂತ ಗುರುತಿಸುವುದು ಮುಖ್ಯ, ಏಕೆಂದರೆ ಮದ್ದು ಬೇರೆ ಬೇರೆ.

ಒಂದು, ಶರ್ಟ್‌ನ ಪಕ್ಕದಲ್ಲೇ ಗೋಡೆಯ ಮೇಲೆ ದೊಡ್ಡ ಬಿಳಿ ಮಚ್ಚೆ. ಅದು ಮೇಷ್ಟ್ರ ನೆರಳು. ವರಾಂಡದಲ್ಲಿ ಎರಡು ಬೆಳಕು ಇರುತ್ತವೆ. ಬಲ್ಬಿನ ಅಥವಾ ಬಿಸಿಲಿನ ಹಳದಿ ಬೆಳಕು ಒಂದು, ತೆರೆದ ಆಕಾಶದ ನೀಲಿ ಬೆಳಕು ಇನ್ನೊಂದು. ಮೇಷ್ಟ್ರು ಹಳದಿ ಬೆಳಕಿಗೆ ಅಡ್ಡ ನಿಂತ ಜಾಗದಲ್ಲಿ ಗೋಡೆಗೆ ಬೀಳುವುದು ಆಕಾಶದ ಬೆಳಕು ಮಾತ್ರ. ಅಲ್ಲಿ ಗೋಡೆ 170, 172, 176 ಆಗಿರಬಹುದು. ಕಳೆದರೆ +6, ಶರ್ಟ್‌ನ ಹಾಗೇ. ಬಣ್ಣದ ಲೆಕ್ಕ ಇಲ್ಲಿ ಸೋಲುತ್ತದೆ. ಆದರೆ ಇಲ್ಲೇ ನೆರಳು ಬೆಳಕಿನ ಲೆಕ್ಕ ಗೆಲ್ಲುತ್ತದೆ: ಕೆಂಪು ಚಾನೆಲ್‌ನಲ್ಲಿ ಬೆಳಕು ಬಿದ್ದ ಶರ್ಟ್ 228, ಪಕ್ಕದ ನೆರಳು 170. ಆ ತುಂಡು ಅಂಚನ್ನು ಮಾತ್ರ ಕೆಂಪು ಚಾನೆಲ್‌ನಿಂದ ತೆಗೆದುಕೊಳ್ಳಿ. ನೆರಳು ಬಿದ್ದ ಕಡೆ ಒಂಟಿ ಚಾನೆಲ್, ನೆರಳಿಲ್ಲದ ಕಡೆ ಕಳೆಯುವ ಲೆಕ್ಕ.

ಎರಡು, ಅಂಚು ಗೆರೆಯಾಗಿರದೆ ಚೌಕ ಚೌಕವಾಗಿ ಮೆಟ್ಟಿಲಿನಂತೆ ಇರುವುದು. 400 ಪ್ರತಿಶತ ಝೂಮ್ ಮಾಡಿದರೆ ಸ್ಪಷ್ಟವಾಗಿ ಕಾಣುತ್ತದೆ. ಇದು ಜೆಪೆಗ್‌ನ ಕೆಲಸ. ಸಾಮಾನ್ಯ ಜೆಪೆಗ್ ಫೈಲಿನಲ್ಲಿ ಬೆಳಕಿನ ವಿವರ ಪೂರ್ತಿ ಇರುತ್ತದೆ. ಬಣ್ಣದ ವಿವರವನ್ನು ಮಾತ್ರ ಅಡ್ಡ, ಉದ್ದ ಎರಡೂ ಕಡೆ ಅರ್ಧಕ್ಕೆ ಇಳಿಸಿಟ್ಟಿರುವುದು ಬಹಳ. ನೋಡುವ ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ಆದರೆ ನಮಗೆ ಬೇಕಿರುವುದು ಬಣ್ಣದ ವಿವರವೇ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಇನ್ನೂ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಕ್ಯಾಮೆರಾದ ರಾ ಫೈಲ್ ಸಿಕ್ಕರೆ ಇನ್ನೂ ಒಳ್ಳೆಯದು. ಏನೂ ಸಿಗದಿದ್ದರೆ ಈ ಮಾಸ್ಕನ್ನು ದಾರಿ ತೋರಿಸಲು ಮಾತ್ರ ಬಳಸಿ: ಮಿಕ್ಸರ್ ಲೇಯರ್ ಮತ್ತೆ ಆನ್ ಮಾಡಿಕೊಂಡು ಪೆನ್ ಟೂಲ್‌ನಲ್ಲಿ ಮೆಟ್ಟಿಲುಗಳ ನಡುವೆ ನಯವಾದ ಗೆರೆ ಎಳೆಯಿರಿ. ಈಗ ಅಂಚು ಕಣ್ಣಿಗೆ ಕಾಣುತ್ತಿದೆ, ಅಂದಾಜು ಬೇಕಿಲ್ಲ.

ಮೂರು, ಇಡೀ ಚಿತ್ರ ಮರಳು ಚೆಲ್ಲಿದಂತೆ ಕಾಣುವುದು. ಮಂದ ಬೆಳಕಿನಲ್ಲಿ ತೆಗೆದ ಫೋಟೊಗಳಲ್ಲಿ ಇದು ಸಹಜ. ಸಾಮಾನ್ಯ ಕ್ಯಾಮೆರಾ ಸೆನ್ಸರ್‌ನಲ್ಲಿ ನೀಲಿಯನ್ನು ಅಳೆಯುವ ಬಿಂದುಗಳು ನಾಲ್ಕರಲ್ಲಿ ಒಂದು ಮಾತ್ರ. ಹಳದಿ ಬೆಳಕಿನಲ್ಲಂತೂ ನೀಲಿ ಮೊದಲೇ ಕಡಿಮೆ. ಅದರ ಮೇಲೆ ನಾವು ಎರಡು ಚಾನೆಲ್‌ಗಳ ನಾಯ್ಸ್ ಒಟ್ಟುಗೂಡಿಸಿ ಹಿಗ್ಗಿಸಿದ್ದೇವೆ. ಬ್ಲರ್ ಸ್ವಲ್ಪ ಜಾಸ್ತಿ ಮಾಡಿ, Levels ತುದಿಗಳನ್ನು ಸ್ವಲ್ಪ ದೂರ ಇಡಿ.

ಮದ್ದೇ ಇಲ್ಲದ ಸ್ಥಿತಿಯೂ ಒಂದಿದೆ. ಶರ್ಟ್ ಮೇಲೂ ಗೋಡೆ ಮೇಲೂ Info ಪ್ಯಾನೆಲ್ 255, 255, 255 ತೋರಿಸಿದರೆ ಅಲ್ಲಿ ಅಂಚು ಫೈಲಿನಲ್ಲೇ ಇಲ್ಲ. ರಾ ಫೈಲ್ ಇದ್ದರೆ ಎಕ್ಸ್‌ಪೋಶರ್ ಇಳಿಸಿ ನೋಡಿ, ಸ್ವಲ್ಪ ವಿವರ ವಾಪಸ್ ಬರಬಹುದು. ಜೆಪೆಗ್ ಆದರೆ ಕೈಯಲ್ಲೇ ಬಿಡಿಸಬೇಕು. ಕಪ್ಪುಬಿಳುಪು ಫೋಟೊದಲ್ಲಿ ಮೂರೂ ಚಾನೆಲ್ ಒಂದೇ ಆಗಿರುವುದರಿಂದ ಕಳೆದರೆ ಎಲ್ಲೆಡೆ ಸೊನ್ನೆ. ಅಲ್ಲಿ ಈ ವಿಧಾನವನ್ನು ಸುಮ್ನೆ ಪ್ರಯತ್ನಿಸಬೇಡಿ.

ಮಾಸ್ಕ್ ಆಯಿತು. ಮಿಕ್ಸರ್, Levels, ಬ್ಲರ್ ಮಾಡಿದ ನಕಲು ಮೂರೂ ಮುಚ್ಚಿವೆಯೇ ನೋಡಿಕೊಳ್ಳಿ. ಚಾನೆಲ್‌ನ ಮೇಲೆ Ctrl ಒತ್ತಿ ಕ್ಲಿಕ್ ಮಾಡಿ ಆಯ್ಕೆಯಾಗಿ ತೆರೆದು, ಮೂಲ ಫೋಟೊ ಲೇಯರ್‌ಗೆ ಲೇಯರ್ ಮಾಸ್ಕ್ ಕೊಡಿ. ಕೆಳಗೆ ಪತ್ರಿಕೆಯ ಮರೂನ್ ತುಂಬಿ ನೋಡಿ. ಬಿಳಿ ಹಿನ್ನೆಲೆಯ ಮೇಲೆ ಪರೀಕ್ಷಿಸಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಗಾಢ ಬಣ್ಣದ ಮೇಲೆ ಮಾತ್ರ ತಪ್ಪು ಗೊತ್ತಾಗುವುದು.

ಬಹುಶಃ ತೋಳಿನ ಸುತ್ತ ತೆಳ್ಳಗೆ ಒಂದು ಕೆನೆ ಬಣ್ಣದ ಎಳೆ ಕಾಣುತ್ತದೆ. ಅದರಲ್ಲಿ ಎರಡು ಪಾಲಿದೆ. ಅಂಚಿನ ಬೂದು ಪಿಕ್ಸೆಲ್‌ಗಳಲ್ಲಿ ಗೋಡೆಯ ಬಣ್ಣ ಬೆರೆತಿರುತ್ತದೆ. ಜೊತೆಗೆ ಗೋಡೆಯಿಂದ ಚಿಮ್ಮಿದ ಹಳದಿ ಬೆಳಕು ಶರ್ಟ್‌ನ ಅಂಚಿಗೂ ಬಿದ್ದಿರುತ್ತದೆ. ಮಾಸ್ಕನ್ನು ಒಳಕ್ಕೆ ಒಂದು ಪಿಕ್ಸೆಲ್ ಸರಿಸಿದರೆ ಮೊದಲನೆಯದು ಹೋಗುತ್ತದೆ: ಮಾಸ್ಕ್ ಆರಿಸಿ Filter > Other > Minimum, ರೇಡಿಯಸ್ 1. ಇದನ್ನು ಕೂದಲಿನ ಮೇಲೆ ಮಾಡಬೇಡಿ, ಎಳೆಗಳು ಮುರಿಯುತ್ತವೆ. ಮೊದಲು ಶರ್ಟ್ ಭಾಗವನ್ನು ಮಾತ್ರ ಆಯ್ದುಕೊಳ್ಳಿ. ಎರಡನೆಯದಕ್ಕೆ, ಫೋಟೊ ಲೇಯರ್‌ನ ಮೇಲೆ ಹೊಸ ಲೇಯರ್ ಇಟ್ಟು ಕ್ಲಿಪ್ ಮಾಡಿ, ಮೋಡ್ Color ಮಾಡಿ. ಶರ್ಟ್‌ನ ನಡುವಿನ ಬಣ್ಣವನ್ನು ಐಡ್ರಾಪರ್‌ನಿಂದ ಎತ್ತಿಕೊಂಡು, ಮೆತ್ತನೆ ಬ್ರಷ್‌ನಲ್ಲಿ ತೋಳಿನ ಅಂಚಿನುದ್ದಕ್ಕೂ ಹಗುರವಾಗಿ ಬಳಿಯಿರಿ. ನೆರಳು, ಮಡಿಕೆ ಹಾಗೇ ಉಳಿದು ಹಳದಿ ಮಾತ್ರ ಹೋಗುತ್ತದೆ.